ಪದಚರ್ಚೆ: ಫ್ಯಾಕ್ಟರಿಂಗ್‌ಗೆ ‘ಅಪವರ್ತನ’ ಸರಿನಾ? ಬಿಲ್ ವಟಾಯಿಸುವುದಕ್ಕೂ ಇದಕ್ಕೂ ಏನು ಫರಕು?

ಕುಶಾಲನಗರದಿಂದ, ಲೆಕ್ಕ ಬರೆಯುವವಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನದು ಇಲ್ಲಿ ಚಿಕ್ಕ ಘಟಕ. ಕಾಫಿ ಹುರಿದು ಪುಡಿ ಮಾಡುತ್ತಾರೆ, ಕರಿಮೆಣಸು ಆರಿಸಿ ಪ್ಯಾಕ್ ಮಾಡುತ್ತಾರೆ. ಲೆಕ್ಕ ನನ್ನದು. ಬೆಂಗಳೂರಿನ ಒಂದು ಹೋಟೆಲ್ ಕಂಪನಿಗೆ ಮಾಲು ಹೋಗುತ್ತದೆ. ದುಡ್ಡು ಬರುವುದು 45 ದಿನಕ್ಕೆ ಅಂತ ಬಿಲ್ಲಿನಲ್ಲಿದೆ, ಕೈಗೆ ಸಿಗುವಾಗ ಎರಡೂವರೆ ತಿಂಗಳಾಗಿರುತ್ತದೆ. ನಮಗೆ ಮೆಣಸು ಕೊಡುವ ಬೆಳೆಗಾರರು ಅಷ್ಟು ಕಾಯುವುದಿಲ್ಲ. ಅವರಿಗೆ ಶನಿವಾರ ಬಟವಾಡೆ ಮಾಡಬೇಕು, ಭಾನುವಾರ ಆಳುಗಳು ಸಂತೆಗೆ ಹೋಗಬೇಕು.

ಹೋದ ವಾರ ಒಂದು ಸಾಲದ ಕಂಪನಿಯವರು ಕನ್ನಡದ ಕರಪತ್ರ ಕೊಟ್ಟರು. ಅದರಲ್ಲಿ ಎರಡು ದಾರಿ ಇವೆ. ಒಂದರ ಹೆಸರು ‘ಇನ್‌ವಾಯ್ಸ್ ರಿಯಾಯಿತಿ’, ಅಂದರೆ ಇಂಗ್ಲಿಷಿನ ಇನ್‌ವಾಯ್ಸ್ ಡಿಸ್ಕೌಂಟಿಂಗ್. ಇನ್ನೊಂದು ‘ಅಪವರ್ತನ ಸೌಲಭ್ಯ’, ಅಂದರೆ ಫ್ಯಾಕ್ಟರಿಂಗ್. ಅಣ್ಣ ಎರಡು ಸಲ ಓದಿ ಕಾಗದ ಕೆಳಗಿಟ್ಟರು. ಬಿಲ್ಲಿಗೆ ನಾವೇ ರಿಯಾಯಿತಿ ಕೊಡಬೇಕಾ ಅಂತ ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ.

ಈ ಎರಡಕ್ಕೂ ನಮ್ಮವರಿಗೆ ಅರ್ಥವಾಗುವ ಮಾತು ಬೇಕು. ನಮ್ಮ ಹಾಗೆಯೇ ಮಾಲು ಕೊಡುವ ಏಳೆಂಟು ಮನೆಯವರಿಗೆ ಒಂದು ಪುಟ ಬರೆದು ಕೊಡೋಣ ಅಂತಿದ್ದೇನೆ.

ವಿರಾಜಪೇಟೆಯಿಂದ, ನಿವೃತ್ತ ಗಣಿತ ಮೇಷ್ಟ್ರು

ಅಪವರ್ತನ ಸರಿಯಾದ ಪದವೇ ಆಗಿದೆ. 12ರ ಅಪವರ್ತನಗಳು 1, 2, 3, 4, 6, 12. ನಾನು ಎಂಟನೇ ತರಗತಿಗೆ ಇದೇ ಪದದಲ್ಲಿ ಪಾಠ ಮಾಡಿದ್ದೇನೆ. ನಿಮ್ಮ ಬಿಲ್ಲನ್ನು ಕಂತುಗಳಾಗಿ ಒಡೆದು ಕೊಡುತ್ತಾರೆ ಅಂತ ಇರಬೇಕು. ಅದನ್ನೇ ಹಾಗೆ ಕರೆದಿದ್ದಾರೆ.

ಕುಶಾಲನಗರದಿಂದ

ಮೇಷ್ಟ್ರೇ, ಕಂತಿನ ವಿಷಯ ಅದರಲ್ಲಿ ಇಲ್ಲ. ಒಂದೇ ಸಲ ಬಿಲ್ಲಿನ ನೂರಕ್ಕೆ 80 ಕೊಡುತ್ತಾರೆ. ಉಳಿದದ್ದು ಆಮೇಲೆ.

ಮಡಿಕೇರಿಯಿಂದ, ಅಂಗಡಿ ಲೆಕ್ಕಿಗರು

ಇದು ಗೊತ್ತಿರುವ ವಿಷಯವೇ ಮೇಡಂ. ಡಿಸ್ಕೌಂಟಿಂಗ್ ಅಂದ್ರೆ ಬಿಲ್ ತೋರಿಸಿ ಸಾಲ ತೆಗೆಯುವುದು. ಫ್ಯಾಕ್ಟರಿಂಗ್ ಅಂದ್ರೆ ಬಿಲ್ಲನ್ನೇ ಮಾರಿಬಿಡುವುದು. ಮಾರಿದ ಮೇಲೆ ಗಿರಾಕಿ ಮುಳುಗಿದರೂ ನಿಮಗೇನೂ ಇಲ್ಲ, ಕಷ್ಟ ಅವರದ್ದು. ಹಾಗಾಗಿ ಒಂದಕ್ಕೆ ‘ಬಿಲ್ ಅಡ’, ಇನ್ನೊಂದಕ್ಕೆ ‘ಬಿಲ್ ಮಾರಾಟ’ ಅಂತ ಬರೆಯಿರಿ. ಹಳೇ ಲೆಕ್ಕದ ಪುಸ್ತಕಗಳಲ್ಲಿ ‘ಹುಂಡಿ ವಟಾಯಿಸುವುದು’ ಅಂತಲೂ ಇದೆ. ಅದನ್ನೂ ಹಾಕಬಹುದು.

ಮೈಸೂರಿನಿಂದ, ಬ್ಯಾಂಕಿನಲ್ಲಿ ಬಿಲ್ಲುಗಳ ವಿಭಾಗ ನೋಡಿಕೊಂಡಿದ್ದವರು

ಮಡಿಕೇರಿಯವರು ಹೇಳಿದ್ದು ಅರ್ಧ ಸರಿ. ಉಳಿದರ್ಧದಿಂದ ತೊಂದರೆ ಆಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹುಂಡಿ. ಭಾಗಮಂಡಲದ ಕಡೆಯವರಿಗೆ ‘ಹುಂಡಿ’ ಅಂದರೆ ದೇವಸ್ಥಾನದ ಕಾಣಿಕೆ ಡಬ್ಬಿ. ಅದು ಹಾಗಿರಲಿ. ವ್ಯಾಪಾರದ ಹುಂಡಿಯಲ್ಲಿ ದುಡ್ಡು ಕೊಡಬೇಕಾದವನು ‘ಒಪ್ಪಿದ್ದೇನೆ’ ಅಂತ ಸಹಿ ಹಾಕುತ್ತಾನೆ. ಅದರ ಮೇಲೆ 1881ರ ಕಾನೂನು ನಡೆಯುತ್ತದೆ. ನೀವು ಕಳಿಸುವ ಇನ್‌ವಾಯ್ಸ್ ಮೇಲೆ ಇರುವುದು ನಿಮ್ಮ ಸಹಿ ಮಾತ್ರ. ನನಗೆ ಇಷ್ಟು ಬರಬೇಕು ಅಂತ ನೀವು ಹೇಳುತ್ತಿದ್ದೀರಿ, ಗಿರಾಕಿ ಇನ್ನೂ ಏನೂ ಹೇಳಿಲ್ಲ. ಆದ್ದರಿಂದ ಹುಂಡಿ ಬೇಡ. ‘ವಟಾಯಿಸು’ ಮಾತ್ರ ಇಟ್ಟುಕೊಳ್ಳಬಹುದು. ವಾಯಿದೆಗೆ ಮುಂಚೆಯೇ ದುಡ್ಡು ಕೊಡುವವರು ಅಷ್ಟು ದಿನದ ಬಡ್ಡಿ ಹಿಡಿದುಕೊಳ್ಳುತ್ತಾರಲ್ಲ, ಅದೇ ವಟ್ಟ. ಗಿರಾಕಿಗೆ ನೀವು ಕೊಡುವ ರಿಯಾಯಿತಿಗೂ ಇದಕ್ಕೂ ಸಂಬಂಧವಿಲ್ಲ. ಕರಪತ್ರದಲ್ಲಿ ತಪ್ಪಿರುವುದು ಇಲ್ಲೇ.

ಇನ್ನು ಎರಡಕ್ಕೂ ಫರಕು. ಇಲ್ಲಿ ಬೇರೆ ಬೇರೆ ಎರಡು ಪ್ರಶ್ನೆ ಇವೆ. ಗಿರಾಕಿಯಿಂದ ದುಡ್ಡು ವಸೂಲು ಮಾಡುವವರು ಯಾರು? ಗಿರಾಕಿ ಕೊಡದೇ ಹೋದರೆ ನಷ್ಟ ಯಾರ ತಲೆ ಮೇಲೆ? ‘ಡಿಸ್ಕೌಂಟಿಂಗ್’, ‘ಫ್ಯಾಕ್ಟರಿಂಗ್’ ಅನ್ನುವ ಹೆಸರುಗಳು ಉತ್ತರ ಕೊಡುವುದು ಹೆಚ್ಚಾಗಿ ಮೊದಲ ಪ್ರಶ್ನೆಗೆ. ಎರಡನೆಯದಕ್ಕೆ ಉತ್ತರ ಕರಾರಿನೊಳಗೆ ಇರುತ್ತದೆ.

ನಿಮ್ಮದೇ ಲೆಕ್ಕ ಹಾಕೋಣ. ಬಿಲ್ 4,00,000 ಅಂತಿಟ್ಟುಕೊಳ್ಳಿ, ವಾಯಿದೆ 45 ದಿನ, ಬಡ್ಡಿ ವರ್ಷಕ್ಕೆ 15. ಎರಡು ದಾರಿಯಲ್ಲೂ ಮೊದಲು 3,20,000 ಸಿಗುತ್ತದೆ. ಅದರ ಮೇಲೆ 45 ದಿನದ ಬಡ್ಡಿ 5,918 ರೂಪಾಯಿ.

ಡಿಸ್ಕೌಂಟಿಂಗ್ ಆದರೆ ಗಿರಾಕಿಗೆ ಸಾಮಾನ್ಯವಾಗಿ ಸುದ್ದಿಯೇ ಹೋಗುವುದಿಲ್ಲ. ಫೋನ್ ಮಾಡಿ ನೆನಪಿಸುವುದು, ಲೆಡ್ಜರ್ ಬರೆಯುವುದು, ದುಡ್ಡು ಬಂದ ಮೇಲೆ ಸಾಲ ತೀರಿಸುವುದು ಎಲ್ಲಾ ನಿಮ್ಮದೇ. ಫ್ಯಾಕ್ಟರಿಂಗ್ ಆದರೆ ‘ಈ ಬಿಲ್ಲಿನ ಹಕ್ಕು ನಮಗೆ ಬಂದಿದೆ, ದುಡ್ಡು ನಮಗೇ ಕೊಡಿ’ ಅಂತ ಗಿರಾಕಿಗೆ ಕಾಗದ ಹೋಗುತ್ತದೆ. ವಸೂಲಿಯೂ ಲೆಡ್ಜರೂ ಅವರದ್ದು. ಅದಕ್ಕೆ ಬಿಲ್ಲಿನ ಮೇಲೆ ಶುಲ್ಕ ಇರುತ್ತದೆ. ನೂರಕ್ಕೆ ಒಂದು ಅಂತ ಹಿಡಿದರೆ 4,000, ತೆರಿಗೆ ಬಿಟ್ಟು.

ಈಗ ನಿಜವಾಗಿ ಆಗುವಂಥದ್ದು ನೋಡಿ. ಮೆಣಸು ಸರಿಯಾಗಿ ಒಣಗಿಲ್ಲ ಅಂತ ಹೋಟೆಲಿನವರು 30,000 ಕಡಿದು 3,70,000 ಕೊಟ್ಟರು. ಡಿಸ್ಕೌಂಟಿಂಗ್‌ನಲ್ಲಿ ಅಷ್ಟೂ ನಿಮಗೆ ಬರುತ್ತದೆ. ಸಾಲವೂ ಬಡ್ಡಿಯೂ ಕಳೆದು 44,082 ಉಳಿಯುತ್ತದೆ. ಫ್ಯಾಕ್ಟರಿಂಗ್‌ನಲ್ಲಿ ಅದು ಅವರಿಗೆ ಹೋಗುತ್ತದೆ. ತಮ್ಮದು ಹಿಡಿದುಕೊಂಡು ನಿಮಗೆ 40,082 ಕಳಿಸುತ್ತಾರೆ. ಕಡಿದ 30,000 ಎರಡರಲ್ಲೂ ನಿಮ್ಮ ನಷ್ಟವೇ. ಪೂರ್ತಿ 4 ಲಕ್ಷ ಮೊದಲೇ ಕೊಡದೆ 80,000 ತಡೆದಿಡುವುದು ಇಂಥದ್ದಕ್ಕೇ.

ಹಾಗಾದರೆ ಆ 4,000 ಕೊಟ್ಟು ನೀವು ಕೊಂಡುಕೊಂಡದ್ದು ವಸೂಲಿಯ ಕೆಲಸ ಮಾತ್ರ. ಗಿರಾಕಿ ದಿವಾಳಿಯಾದರೆ ನಮ್ಮನ್ನು ಕೇಳಬೇಡಿ ಅನ್ನುವ ರಕ್ಷಣೆ ಬೇಕಾದರೆ ‘ರಿಕೋರ್ಸ್ ಇಲ್ಲ’ ಅಂತ ಕರಾರಿನಲ್ಲಿ ಬರೆದಿರಬೇಕು. ಅದಕ್ಕೆ ಶುಲ್ಕ ಜಾಸ್ತಿ. ಹಾಗೆ ಬರೆದಿದ್ದರೂ ಮಾಲಿನ ತಕರಾರು ಅದರೊಳಗೆ ಬರುವುದಿಲ್ಲ. ಒದ್ದೆ ಮೆಣಸು ಒದ್ದೆ ಮೆಣಸೇ. ‘ರಿಕೋರ್ಸ್ ಇದೆ’ ಅಂತ ಬರೆದಿದ್ದರೆ, ವಾಯಿದೆ ದಾಟಿ ಇಷ್ಟು ದಿನವಾದರೂ ಗಿರಾಕಿ ಕೊಡದಿದ್ದಾಗ ಆ 3,20,000 ನಿಮ್ಮಿಂದಲೇ ವಾಪಸ್ ಕೇಳುತ್ತಾರೆ. ಹೆಸರು ಫ್ಯಾಕ್ಟರಿಂಗ್ ಅಂತಲೇ ಇರುತ್ತದೆ. ಆದ್ದರಿಂದ ‘ಮಾರಾಟ’ ಅಂತ ಬರೆದು ಜನರನ್ನು ನಂಬಿಸಬೇಡಿ.

ಮಡಿಕೇರಿಯಿಂದ

ಒಪ್ಪಿದೆ ಸರ್. ನಾನು ನೋಡಿದ್ದ ಒಂದೇ ಕರಾರು ರಿಕೋರ್ಸ್ ಇಲ್ಲದ್ದು, ಎಲ್ಲವೂ ಹಾಗೇ ಅಂದುಕೊಂಡಿದ್ದೆ. ಆದರೂ ಹಕ್ಕು ಅವರ ಹೆಸರಿಗೆ ಹೋಗುತ್ತದೆ ಅಲ್ವಾ? ಜಾಗ ಮಾರುವಾಗಲೂ ತಕರಾರು ಬಂದರೆ ಮಾರಿದವನೇ ಹೊಣೆ ಅಂತ ಬರೆಯುತ್ತೇವೆ. ಅದನ್ನೂ ಮಾರಾಟ ಅಂತಲೇ ಕರೆಯುತ್ತೇವೆ. ನನ್ನ ಪದ ಬಿಡಲು ಮನಸ್ಸಿಲ್ಲ.

ಗೋಣಿಕೊಪ್ಪದಿಂದ, ಬೆಳೆಗಾರರು

ನಾವು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದೇವೆ. ಕೊಯ್ಲಿಗೆ ಮುಂಚೆ ವ್ಯಾಪಾರಿ ದುಡ್ಡು ಕೊಡುತ್ತಾರೆ, ಕಾಫಿ ಒಣಗಿದ ಮೇಲೆ ಅವರಿಗೇ ಹಾಕುತ್ತೇವೆ. ಆ ದಿನದ ರೇಟಿನಲ್ಲಿ ಚೀಲಕ್ಕೆ ಸ್ವಲ್ಪ ಹಿಡಿಯುತ್ತಾರೆ. ಇದು ಫ್ಯಾಕ್ಟರಿಂಗಾ, ವಟಾಯಿಸುವುದಾ?

ಮೈಸೂರಿನಿಂದ

ಎರಡೂ ಅಲ್ಲ, ಅದು ಮುಂಗಡ. ದುಡ್ಡು ಬಂದಾಗ ನಿಮ್ಮ ಕಾಫಿ ಇನ್ನೂ ಗಿಡದಲ್ಲಿತ್ತು. ಬಿಲ್ ಹುಟ್ಟಿರಲಿಲ್ಲ. ಈ ಎರಡು ದಾರಿಗೂ ಮಾಲು ಗಿರಾಕಿಯ ಕೈ ಸೇರಿರಬೇಕು, ಬಿಲ್ ಆಗಿರಬೇಕು. ಜೊತೆಗೆ ನಿಮ್ಮಲ್ಲಿ ದುಡ್ಡು ಕೊಡುವವರೂ ಮಾಲು ಕೊಳ್ಳುವವರೂ ಒಬ್ಬರೇ. ಇಲ್ಲಿ ಮೂರನೆಯವರು ಬೇಕು.

ಕುಶಾಲನಗರದಿಂದ

ಸರ್, ಎರಡು ಸಂಶಯ. ಫ್ಯಾಕ್ಟರಿಂಗ್‌ನವರ ಕಾಗದ ಹೋಟೆಲಿಗೆ ಹೋದರೆ, ಇವರಿಗೆ ಕೈ ಕಚ್ಚಿದೆ ಅಂತ ತಿಳಿದು ಆರ್ಡರ್ ನಿಲ್ಲಿಸಿದರೆ? ಅಣ್ಣನಿಗೆ ಅದೇ ಭಯ. ಇನ್ನೊಂದು, ‘ಟ್ರೆಡ್ಸ್’ ಅಂತ ಯಾರೋ ಹೇಳಿದರು. ಅದು ಯಾವುದರ ಕೆಳಗೆ ಬರುತ್ತದೆ? 45 ದಿನದೊಳಗೆ ಕೊಡಲೇಬೇಕು ಅಂತ 2006ರ ಕಾನೂನಿದೆ, ತಡವಾದರೆ ಚಕ್ರಬಡ್ಡಿ ಕೇಳಬಹುದು ಅಂತಲೂ ಗೊತ್ತು. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಹತ್ತಿರ ಚಕ್ರಬಡ್ಡಿ ಕೇಳಲು ನಮಗೆ ಬಾಯಿ ಬರುವುದಿಲ್ಲ.

ಮೈಸೂರಿನಿಂದ

ಭಯ ಸುಮ್ನೆ ಹುಟ್ಟಿದ್ದಲ್ಲ. ಕೆಲವು ಗಿರಾಕಿಗಳು ಹಾಗೆ ತಿಳಿಯುತ್ತಾರೆ. ಕಾಗದ ಹೋಗುವ ಮುಂಚೆ ನೀವೇ ಫೋನ್ ಮಾಡಿ ಹೇಳಿ. ಕಾಗದ ಮುಟ್ಟಿದ ಮೇಲೆ ಅವರು ಕೊಡಬೇಕಾದ್ದು ಫ್ಯಾಕ್ಟರಿಂಗ್ ಕಂಪನಿಗೇ. ಹಳೇ ಅಭ್ಯಾಸದಲ್ಲಿ ನಿಮ್ಮ ಖಾತೆಗೆ ಹಾಕಿಬಿಟ್ಟರೆ ಆ ದುಡ್ಡು ನಿಮ್ಮದಲ್ಲ, ಮುಟ್ಟದೆ ದಾಟಿಸಬೇಕು. ಗಲಾಟೆಗಳು ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ಬಟವಾಡೆಗೆ ಅಂತ ಆ ದುಡ್ಡು ತೆಗೆದವರನ್ನು ನೋಡಿದ್ದೇನೆ.

ಟ್ರೆಡ್ಸ್ ಅಂದರೆ ಸಣ್ಣ ಉದ್ಯಮದವರು ಬಿಲ್ ಹಾಕಿ ಬೇಗ ದುಡ್ಡು ಪಡೆಯುವ ಆನ್‌ಲೈನ್ ವೇದಿಕೆ. ಪದಚರ್ಚೆಗೆ ಅದು ಒಳ್ಳೇ ಉದಾಹರಣೆ. ರಿಸರ್ವ್ ಬ್ಯಾಂಕ್ 2014ರಲ್ಲಿ ಅದಕ್ಕೆ ನಿಯಮ ಮಾಡಿತು. ಪೂರ್ತಿ ಹೆಸರಿನಲ್ಲಿ ‘ಡಿಸ್ಕೌಂಟಿಂಗ್’ ಅಂತಲೇ ಇದೆ. ಒಳಗೆ ಹೋದರೆ ಪ್ರತಿ ಬಿಲ್ಲಿಗೆ ‘ಫ್ಯಾಕ್ಟರಿಂಗ್ ಯೂನಿಟ್’ ಅಂತ ಹೆಸರು. ಬಿಲ್ ಹೌದು ಅಂತ ಗಿರಾಕಿ ಅಲ್ಲಿ ಒಪ್ಪಬೇಕು. ಆಮೇಲೆ ಹಲವು ಬ್ಯಾಂಕುಗಳು ಬಡ್ಡಿ ಕೂಗುತ್ತವೆ, ಬೇಕಾದ್ದನ್ನು ಆರಿಸಬಹುದು. ಗಿರಾಕಿ ಕೊಡದಿದ್ದರೂ ನಿಮ್ಮನ್ನು ಕೇಳುವ ಹಾಗಿಲ್ಲ. ನೋಡಿ, ಹೊರಗೆ ಡಿಸ್ಕೌಂಟಿಂಗ್, ಒಳಗೆ ರಿಕೋರ್ಸ್ ಇಲ್ಲದ ಫ್ಯಾಕ್ಟರಿಂಗ್. ನಿಮ್ಮದು ಉದ್ಯಮ್ ನೋಂದಣಿ ಆಗಿದ್ದರೆ ಸಾಕು, ಆದರೆ ಹೋಟೆಲ್ ಕಂಪನಿಯೂ ಅಲ್ಲಿ ಸೇರಿರಬೇಕು. ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಸೇರಲೇಬೇಕು ಅಂತ 2024ರಲ್ಲಿ ಆದೇಶವಾಗಿದೆ. ಅವರನ್ನು ಮೊದಲು ಅದನ್ನು ಕೇಳಿ.

ವಿರಾಜಪೇಟೆಯಿಂದ

ಅಪವರ್ತನ ಇಲ್ಲಿ ಸಲ್ಲದು, ನನ್ನ ಮಾತು ಹಿಂದೆ ತೆಗೆದುಕೊಂಡೆ. ಹಾಗಾದರೆ ‘ಫ್ಯಾಕ್ಟರ್’ ಅಂದರೆ ಯಾರು?

ಮೈಸೂರಿನಿಂದ

ಮೇಷ್ಟ್ರೇ, ಹಿಂದೆ ಇನ್ನೊಬ್ಬರ ಪರವಾಗಿ ಮಾಲು ಮಾರಿ ದುಡ್ಡು ವಸೂಲು ಮಾಡುತ್ತಿದ್ದ ಏಜೆಂಟನಿಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ನಮ್ಮ ಮಂಡಿಯವರ ಹಾಗೆ. ಗಣಿತದ್ದೂ ಇದೂ ಮೂಲದಲ್ಲಿ ‘ಮಾಡುವವನು’ ಅನ್ನುವ ಒಂದೇ ಲ್ಯಾಟಿನ್ ಪದ. ಕರಪತ್ರದವರು ನಿಘಂಟಿನಲ್ಲಿ ಮೊದಲು ಸಿಕ್ಕಿದ್ದನ್ನು ಹಾಕಿರಬೇಕು.

ಕುಶಾಲನಗರದಿಂದ

ನನ್ನ ಪುಟಕ್ಕೆ ಸದ್ಯ ಹೀಗೆ ಬರೆದಿದ್ದೇನೆ. ಡಿಸ್ಕೌಂಟಿಂಗ್‌ಗೆ ‘ಬಿಲ್ ವಟಾಯಿಸುವುದು: ವಸೂಲಿ ನಮ್ಮದೇ’. ಫ್ಯಾಕ್ಟರಿಂಗ್‌ಗೆ ‘ಬಿಲ್ಲಿನ ಹಕ್ಕು ವಹಿಸುವುದು: ವಸೂಲಿ ಅವರದ್ದು’. ಮಡಿಕೇರಿಯವರು ಬೇಜಾರು ಮಾಡಿಕೊಳ್ಳಬೇಡಿ, ‘ಮಾರಾಟ’ ಅಂದ ಕೂಡಲೇ ನಮ್ಮವರು ಕೈ ತೊಳೆದುಕೊಂಡೆವು ಅಂತ ತಿಳಿಯುತ್ತಾರೆ. ರಿಕೋರ್ಸ್‌ಗೆ ಮಾತ್ರ ಪದ ಸಿಕ್ಕಿಲ್ಲ. ‘ಹಿಂದಕ್ಕೆ ಕೇಳುವ ಹಕ್ಕು’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ದಯವಿಟ್ಟು ಕೊಡಿ.

ನಿನ್ನೆ ಕರಾರಿನ ಇಂಗ್ಲಿಷ್ ಪ್ರತಿ ತರಿಸಿಕೊಂಡೆ. ಮುಖಪುಟದಲ್ಲಿ ಫ್ಯಾಕ್ಟರಿಂಗ್ ಅಂತ ದಪ್ಪಕ್ಷರ. ಆರನೇ ಪುಟದಲ್ಲಿ, ವಾಯಿದೆ ದಾಟಿ 30 ದಿನವಾದರೆ ಪೂರ್ತಿ ಮೊತ್ತ ನಾವು ವಾಪಸ್ ಕೊಡಬೇಕು ಅಂತಿದೆ. ಹೋಟೆಲಿನವರು ದುಡ್ಡು ಕೊಡುವುದೇ ವಾಯಿದೆ ದಾಟಿ 30 ದಿನಕ್ಕೆ. ಅಣ್ಣ ಸಹಿ ಹಾಕಿಲ್ಲ. ಆ 30 ದಿನವನ್ನು 60 ಮಾಡುತ್ತೀರಾ ಅಂತ ಕೇಳಿ ಕಾಗದ ಬರೆದಿದ್ದೇವೆ. ಹೋಟೆಲಿನವರಿಗೂ ಟ್ರೆಡ್ಸ್ ಬಗ್ಗೆ ಫೋನ್ ಮಾಡಿದೆ. ಸೋಮವಾರ ಹೇಳುತ್ತಾರಂತೆ.