ಅಕ್ಟೋಬರ್ 10ರ ಕಂತು: ಶುಲ್ಕ ಪರಿಷ್ಕರಣೆಯ ಪತ್ರದ ಕರಡು ಕುರಿತು ಚರ್ಚೆ

ಶಾಲಾ ಕಚೇರಿ, ಶಿಡ್ಲಘಟ್ಟ ತಾಲ್ಲೂಕು
ನಮ್ಮದು ಅನುದಾನರಹಿತ ಸಣ್ಣ ಶಾಲೆ. 2026-27ನೇ ಸಾಲಿಗೆ ವಾರ್ಷಿಕ ಶುಲ್ಕವು 24,000 ರೂಪಾಯಿಯಿಂದ 26,400 ರೂಪಾಯಿಗೆ ಏರುತ್ತಿದೆ. ಪೋಷಕರಿಗೆ ಕಳುಹಿಸುವ ಪತ್ರದಲ್ಲಿ ಹೀಗೆ ಬರೆದಿದ್ದೇನೆ: ‘ಪರಿಷ್ಕೃತ ಶುಲ್ಕವನ್ನು ಜೂನ್ 10ರೊಳಗೆ, ಅಕ್ಟೋಬರ್ 10ರೊಳಗೆ ಹಾಗೂ ಜನವರಿ ಮೊದಲ ವಾರದಲ್ಲಿ ಮೂರು ಕಂತುಗಳಾಗಿ ಪಾವತಿಸತಕ್ಕದ್ದು. ತಪ್ಪಿದಲ್ಲಿ ದಿನಕ್ಕೆ 20 ರೂಪಾಯಿ ದಂಡ ವಿಧಿಸಲಾಗುವುದು.’ ಇದರಲ್ಲಿ ಗೊಂದಲಕ್ಕೆ ಎಡೆಯಿದೆಯೇ? ಮಾತು ಒರಟಾಯಿತೇ?

ನಿವೃತ್ತ ಅಧೀಕ್ಷಕ, ಚಿಂತಾಮಣಿ
ಮೇಡಂ, ದಯವಿಟ್ಟು 2026ರ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡು ಆ ಮೂರು ದಿನಾಂಕಗಳನ್ನು ನೋಡಿ. ಜೂನ್ 10 ಬುಧವಾರ, ಅದಕ್ಕೆ ತೊಂದರೆಯಿಲ್ಲ. ಅಕ್ಟೋಬರ್ 10 ಎರಡನೇ ಶನಿವಾರ, ಬ್ಯಾಂಕ್ ಇರುವುದಿಲ್ಲ. ಸಾಲದೆಂಬಂತೆ ಅಂದೇ ಮಹಾಲಯ ಅಮಾವಾಸ್ಯೆ. ಮರುದಿನ ಭಾನುವಾರ. ಹಿರಿಯರ ಪೂಜೆ ಮುಗಿಸಿಕೊಂಡು ಸೋಮವಾರ ಬೆಳಿಗ್ಗೆ ಚಲನ್ ಹಿಡಿದು ಬ್ಯಾಂಕಿಗೆ ಬರುವ ಪೋಷಕರಿಗೆ ನಿಮ್ಮ ಕರಡಿನ ಪ್ರಕಾರ ಎರಡು ದಿನದ ದಂಡ, ಅಂದರೆ 40 ರೂಪಾಯಿ ಬೀಳುತ್ತದೆ. ಮೊತ್ತ ಸಣ್ಣದೇ ಇರಬಹುದು, ಆದರೆ ಕಚೇರಿಯ ಕಿಟಕಿಯ ಮುಂದೆ ನಡೆಯುವ ವಾಗ್ವಾದಗಳೆಲ್ಲ ಹುಟ್ಟುವುದು ಇಂತಹ 40 ರೂಪಾಯಿಗಳಿಂದಲೇ.

ಜನವರಿ ಮೊದಲ ವಾರವೆಂಬುದು ಇನ್ನೂ ತೊಡಕಿನದು. 2027ರ ಜನವರಿ 1 ಶುಕ್ರವಾರ ಬರುತ್ತದೆ. ಆ ವಾರ 3ನೇ ತಾರೀಖಿನ ಭಾನುವಾರಕ್ಕೆ ಮುಗಿಯಿತು ಎಂದು ನೀವು ಎಣಿಸಿದರೆ, 7ರವರೆಗೆ ಇದೆ ಎಂದು ಪೋಷಕರು ಎಣಿಸುತ್ತಾರೆ, ಮತ್ತು ಇಬ್ಬರ ಎಣಿಕೆಗೂ ನಿಮ್ಮ ಪತ್ರವೇ ಆಧಾರವಾಗುತ್ತದೆ. ಆದ್ದರಿಂದ ದಿನಾಂಕ, ವಾರ, ಇಸವಿ ಮೂರನ್ನೂ ಬರೆಯಿರಿ. ಆ ದಿನವೂ ಸೇರಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳದಂತೆ ‘ಕೊನೆಯ ದಿನ’ ಎಂದು ಕರೆಯಿರಿ. ಪ್ರತಿ ಕಂತಿನ ಮೊತ್ತವೂ ಕರಡಿನಲ್ಲಿ ಇಲ್ಲ; ಇಲ್ಲದಿದ್ದರೆ ಪೋಷಕರು 26,400ನ್ನು ಮೂರರಿಂದ ಭಾಗಿಸಿ 8,800 ತರುತ್ತಾರೆ.

ಬ್ಯಾಂಕ್ ಕೌಂಟರ್, ಚಿಕ್ಕಬಳ್ಳಾಪುರ
ಅಧೀಕ್ಷಕರು ಅನಗತ್ಯವಾಗಿ ಹೆದರಿಸುತ್ತಿದ್ದಾರೆ ಎನಿಸುತ್ತದೆ. 2019ರ ಡಿಸೆಂಬರ್‌ನಿಂದ ನೆಫ್ಟ್ ವರ್ಗಾವಣೆ ರಜಾದಿನವೂ ಸೇರಿದಂತೆ ದಿನದ 24 ಗಂಟೆಯೂ ನಡೆಯುತ್ತದೆ, ಯುಪಿಐ ಅಂತೂ ಸರಿಯೇ ಸರಿ. ಎರಡನೇ ಶನಿವಾರವಾದರೆ ಶುಲ್ಕ ಕಟ್ಟಲು ಏನು ಅಡ್ಡಿ?

ನಿವೃತ್ತ ಅಧೀಕ್ಷಕ, ಚಿಂತಾಮಣಿ
ಮೊಬೈಲಿನಲ್ಲಿ ಕಟ್ಟುವವರ ಮಟ್ಟಿಗೆ ತಾವು ಹೇಳಿದ್ದು ಸರಿ ಸರ್. ಆದರೆ ಹಳ್ಳಿಯ ಶಾಲೆಗಳಲ್ಲಿ ಚಲನ್ ಬರೆದು ನಗದು ಕಟ್ಟುವವರು ಈಗಲೂ ಇದ್ದಾರೆ, ಚೆಕ್ ಕೊಡುವವರೂ ಇದ್ದಾರೆ. ಚೆಕ್ಕಿನ ವಿಷಯದಲ್ಲಿ ಕಚೇರಿಗೆ ಕೊಟ್ಟ ದಿನ ಲೆಕ್ಕಕ್ಕೋ, ಶಾಲೆಯ ಖಾತೆಗೆ ಜಮೆಯಾದ ದಿನ ಲೆಕ್ಕಕ್ಕೋ ಎಂಬುದನ್ನು ಪತ್ರವೇ ಹೇಳಬೇಕು. ಯುಪಿಐಯಲ್ಲಿ ಬೇರೊಂದು ತೊಂದರೆಯಿದೆ. ಹಣ ಚಿಕ್ಕಪ್ಪನ ಖಾತೆಯಿಂದ ಬಂದಿರುತ್ತದೆ, ಮಗುವಿನ ಹೆಸರು ಎಲ್ಲಿಯೂ ಇರುವುದಿಲ್ಲ, ಒಂದು ತಿಂಗಳ ನಂತರ ಕಟ್ಟಿದವರ ಮನೆಗೇ ಬಾಕಿಯ ಪತ್ರ ಹೋಗುತ್ತದೆ. ಮಗುವಿನ ಹೆಸರು, ತರಗತಿ ಮತ್ತು ದಾಖಲಾತಿ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ನಮೂದಿಸುವಂತೆ ಒಂದು ಸಾಲಿನಲ್ಲಿ ಕೋರಿದರೆ ಅಂತಹ ಅವಮಾನ ತಪ್ಪುತ್ತದೆ.

ಆರ್‌ಟಿಇ ಮಗುವಿನ ತಾಯಿ
ನನ್ನ ಮಗಳು ಆರ್‌ಟಿಇ ಸೀಟಿನಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಈಗ ಎಲ್ಲರೂ 26,400 ರೂಪಾಯಿ ಕಟ್ಟಬೇಕು ಎಂದರೆ ನಾವು ಎಲ್ಲಿಂದ ತರುವುದು? ಇದಕ್ಕೆ ಶಿಕ್ಷಣ ಇಲಾಖೆ ಒಪ್ಪಿದೆಯೇ?

ಶಾಲಾ ಕಚೇರಿ, ಶಿಡ್ಲಘಟ್ಟ ತಾಲ್ಲೂಕು
ಅಮ್ಮ, ಇದು ನಮ್ಮ ಒಂದು ಶಾಲೆಯ ಪತ್ರ ಮಾತ್ರ, ಎಲ್ಲ ಶಾಲೆಗಳಿಗೆ ಹೊರಟ ಆದೇಶವಲ್ಲ. ಆರ್‌ಟಿಇ ಮೂಲಕ ದಾಖಲಾದ ಮಕ್ಕಳಿಗೆ ಎಂಟನೇ ತರಗತಿ ಮುಗಿಯುವವರೆಗೆ ಬೋಧನಾ ಶುಲ್ಕ ಇರುವುದಿಲ್ಲ.

ನಿವೃತ್ತ ಅಧೀಕ್ಷಕ, ಚಿಂತಾಮಣಿ
ಆ ತಾಯಿಯವರಿಗೆ ಬಂದ ಆತಂಕ ನಿಮ್ಮ ಶಾಲೆಯ ಆರ್‌ಟಿಇ ಪೋಷಕರಿಗೂ ಬಂದೇ ಬರುತ್ತದೆ. ಈ ಪರಿಷ್ಕರಣೆ ಅಂತಹ ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂಬ ವಾಕ್ಯ ಪತ್ರದಲ್ಲೇ ಇರಲಿ.

ಖಜಾಂಚಿ, ಗೌರಿಬಿದನೂರು
ದಂಡದ ಸಾಲನ್ನು ಮಾತ್ರ ತೆಗೆಯಬೇಡಿ. ನಮ್ಮ ಆಡಳಿತ ಮಂಡಳಿ ಒಂದು ವರ್ಷ ಅದನ್ನು ಕೈಬಿಟ್ಟಾಗ ಎರಡನೇ ಕಂತು ಸಂಕ್ರಾಂತಿಯವರೆಗೂ ಎಳೆಯಿತು, ದಸರಾ ರಜೆಯ ತಿಂಗಳ ಸಂಬಳಕ್ಕೆ ಕೈಸಾಲ ಮಾಡಬೇಕಾಯಿತು. ನಯವಾದ ಪತ್ರದಿಂದ ಶಿಕ್ಷಕರ ಮನೆಯ ಬಾಡಿಗೆ ಕಟ್ಟಲಾಗುವುದಿಲ್ಲ.

ನಿವೃತ್ತ ಅಧೀಕ್ಷಕ, ಚಿಂತಾಮಣಿ
ದಂಡ ಇರಲಿ ಸರ್, ಆದರೆ ಅದು ಬೆದರಿಕೆಯ ಸ್ಥಾನದಲ್ಲಿ ನಿಲ್ಲದೆ ನಿಯಮದ ಸ್ಥಾನದಲ್ಲಿ ನಿಲ್ಲಲಿ. ಕೊನೆಯ ದಿನದ ನಂತರ ಏಳು ದಿನ ದಂಡವಿಲ್ಲ, ಎಂಟನೆಯ ದಿನದಿಂದ ದಿನಕ್ಕೆ 20 ರೂಪಾಯಿ, ಒಟ್ಟು 300 ಮೀರುವುದಿಲ್ಲ ಎಂದು ಬರೆದರೆ ಪೋಷಕರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಾರೆ. ಬಾಕಿಯಿರುವ ಮಕ್ಕಳ ಹೆಸರನ್ನು ತರಗತಿಯಲ್ಲಿ ಓದುವ ರೂಢಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನೂ ನಿಲ್ಲಿಸಬೇಕು. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸುತ್ತದೆ.

ಕರಡನ್ನು ನಾನು ಹೀಗೆ ತಿದ್ದುತ್ತಿದ್ದೆ:

‘ಮಾನ್ಯ ಪೋಷಕರೇ, 2025-26ರಲ್ಲಿ 24,000 ರೂಪಾಯಿ ಇದ್ದ ವಾರ್ಷಿಕ ಶುಲ್ಕವನ್ನು 2026-27ನೇ ಸಾಲಿಗೆ 26,400 ರೂಪಾಯಿಗೆ ಪರಿಷ್ಕರಿಸಲಾಗಿದ್ದು, ಹೆಚ್ಚಳವು 2,400 ರೂಪಾಯಿ ಆಗಿರುತ್ತದೆ. ಮೊದಲ ಕಂತು 10,400 ರೂಪಾಯಿಗೆ 2026ರ ಜೂನ್ 10, ಬುಧವಾರ. ಎರಡನೇ ಕಂತು 8,000 ರೂಪಾಯಿಗೆ 2026ರ ಅಕ್ಟೋಬರ್ 8, ಗುರುವಾರ. ಮೂರನೇ ಕಂತು 8,000 ರೂಪಾಯಿಗೆ 2027ರ ಜನವರಿ 7, ಗುರುವಾರ ಕೊನೆಯ ದಿನವಾಗಿರುತ್ತದೆ. ಚೆಕ್ ಮೂಲಕ ಪಾವತಿಸುವವರಿಗೆ ಕಚೇರಿಯು ಚೆಕ್ ಸ್ವೀಕರಿಸಿದ ದಿನವನ್ನೇ ಪಾವತಿಯ ದಿನವೆಂದು ಪರಿಗಣಿಸಲಾಗುವುದು. ಈ ದಿನಾಂಕಗಳಲ್ಲಿ ಪಾವತಿಸಲು ಅನನುಕೂಲವಿದ್ದಲ್ಲಿ, ಆಯಾ ಕಂತಿನ ಕೊನೆಯ ದಿನಕ್ಕಿಂತ ಮೊದಲು ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ ಬೇರೆ ದಿನಾಂಕವನ್ನು ಲಿಖಿತವಾಗಿ ಪಡೆಯಬೇಕೆಂದು ಕೋರುತ್ತೇವೆ.’

ಹೆಚ್ಚಳಕ್ಕೆ ಕಾರಣವನ್ನು ನೀವೇ ಒಂದು ವಾಕ್ಯದಲ್ಲಿ ಸೇರಿಸಬೇಕು, ಅದು ನಿಜವಾದ ಕಾರಣವಾಗಿರಬೇಕು. ‘ಗುಣಮಟ್ಟದ ಶಿಕ್ಷಣಕ್ಕಾಗಿ’ ಎಂದು ಬರೆದರೆ ಹೋದ ವರ್ಷ ಕೊಟ್ಟದ್ದು ಯಾವ ಮಟ್ಟದ್ದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪತ್ರವು ಏಪ್ರಿಲ್‌ನಲ್ಲಿ ಫಲಿತಾಂಶ ತಿಳಿಸುವ ದಿನವೇ ಪೋಷಕರ ಕೈಗೆ ಹೋದರೆ ಮೊದಲ ಕಂತಿಗೆ ಸುಮಾರು ಎರಡು ತಿಂಗಳ ಕಾಲಾವಕಾಶ ಸಿಗುತ್ತದೆ.

ಗೂಡು ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು
ಬರವಣಿಗೆ ಚೆನ್ನಾಗಿದೆ, ಅಧೀಕ್ಷಕರೇ. ಆದರೆ ತಾವು ಅಕ್ಟೋಬರ್ 10ರ ತೊಡಕನ್ನು ಬಿಡಿಸಲು ದಿನಾಂಕವನ್ನು ಎರಡು ದಿನ ಹಿಂದಕ್ಕೆ ತಂದಿರಿ, ಅಂದರೆ ಪಿತೃಪಕ್ಷದ ನಡುವೆಯೇ ಇಟ್ಟಿರಿ. ಆ ಹೊತ್ತಿಗೆ ರಾಗಿ ಹೊಲದಲ್ಲೇ ಇರುತ್ತದೆ. ರೇಷ್ಮೆಯ ಚಾಕಿ ಹುಳು ತಂದ ಮೇಲೆ ಗೂಡು ಮಾರುಕಟ್ಟೆಗೆ ಹೋಗಲು ಮೂರು ವಾರಕ್ಕೂ ಹೆಚ್ಚು ಬೇಕು, ದರ ಅಂದಿನ ಹರಾಜಿನಲ್ಲಿ ಸಿಕ್ಕಷ್ಟು. ಡೇರಿಯ ಬಟವಾಡೆ ಬಂದರೂ ಅದು ಹಿಂಡಿ ಬೂಸಾಕ್ಕೆ ಹೊರಟುಹೋಗುತ್ತದೆ. ವಿಜಯದಶಮಿ ಅಕ್ಟೋಬರ್ 20ಕ್ಕೆ ಇದೆ. 28ನೇ ತಾರೀಖು, ಬುಧವಾರ ಎಂದು ಇಟ್ಟರೆ ಮುಖ್ಯೋಪಾಧ್ಯಾಯರ ಬಳಿ ಬಂದು ಗಡುವು ಕೇಳುವವರ ಸಂಖ್ಯೆಯೇ ಕಡಿಮೆಯಾಗುತ್ತದೆ. ಕೇಳುವುದು ಎಲ್ಲರಿಗೂ ಸುಲಭವಲ್ಲ.

ಖಜಾಂಚಿ, ಗೌರಿಬಿದನೂರು
28ಕ್ಕೆ ಇಟ್ಟು ಅದರ ಮೇಲೆ ಏಳು ದಿನ ರಿಯಾಯಿತಿ ಕೊಟ್ಟರೆ ಹಣ ಬರುವುದು ನವೆಂಬರ್‌ನಲ್ಲಿ. ಅಕ್ಟೋಬರ್ ಸಂಬಳವನ್ನು ಯಾವುದರಿಂದ ಕೊಡುವುದು?

ಗೂಡು ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು
ಮೊದಲ ಕಂತು ದೊಡ್ಡದಾಗಿ ಇಟ್ಟಿರುವುದು ಅದಕ್ಕಾಗಿಯೇ ಅಲ್ಲವೇ?

ಖಜಾಂಚಿ, ಗೌರಿಬಿದನೂರು
ಅದು ಸೆಪ್ಟೆಂಬರ್‌ವರೆಗೆ ಬಂದರೆ ಹೆಚ್ಚು.

ಶಾಲಾ ಕಚೇರಿ, ಶಿಡ್ಲಘಟ್ಟ ತಾಲ್ಲೂಕು
ಎಲ್ಲರಿಗೂ ವಂದನೆಗಳು. ಮೊತ್ತಗಳು, ವಾರಗಳು, ಚೆಕ್ ಮತ್ತು ಯುಪಿಐ ಕುರಿತ ವಾಕ್ಯಗಳು, ಆರ್‌ಟಿಇ ಮಕ್ಕಳ ಕುರಿತ ವಾಕ್ಯ, ಇವಿಷ್ಟನ್ನೂ ಸೇರಿಸಿಕೊಂಡಿದ್ದೇನೆ. ಎರಡನೇ ಕಂತಿಗೆ ಅಕ್ಟೋಬರ್ 8 ಮತ್ತು 28 ಎರಡನ್ನೂ ಬರೆದು, ಯಾವುದನ್ನು ಉಳಿಸಬೇಕೆಂದು ಆಡಳಿತ ಮಂಡಳಿಗೆ ಕಡತ ಕಳುಹಿಸುತ್ತಿದ್ದೇನೆ. ದಂಡದ ಮೇಲ್ಮಿತಿ 300 ರೂಪಾಯಿ ಎಂಬುದಕ್ಕೆ ಅವರು ಒಪ್ಪುವುದು ನನಗೆ ಅನುಮಾನವೇ.