ಬ್ರೇಕ್ ಈವನ್ ದಾಟಿದ್ರೂ ತಿಂಗಳ ಕೊನೆಗೆ 13,000 ಲಾಸ್, ಲೆಕ್ಕದಲ್ಲಿ ಎಲ್ಲಿ ತಪ್ಪಾಗಿದೆ?

ತಿಂಡಿಮನೆ ಹಾಸನ

ಎಲ್ಲರಿಗೂ ನಮಸ್ಕಾರ. ಬಸ್ ಸ್ಟ್ಯಾಂಡ್ ಹತ್ರ ಒಂದು ಸಣ್ಣ ತಿಂಡಿ ಅಂಗಡಿ ಶುರು ಮಾಡಿ ಮೂರು ತಿಂಗಳಾಯ್ತು. ಮೂರೇ ಐಟಂ ಇಟ್ಟಿದೀನಿ. ಕಾಫಿ 15 ರೂಪಾಯಿ, ಅದಕ್ಕೆ ಹಾಲು ಪುಡಿ ಸಕ್ಕರೆ ಎಲ್ಲ ಸೇರಿ 7 ಬೀಳತ್ತೆ. ಇಡ್ಲಿ ವಡೆ ಪ್ಲೇಟ್ 40, ಖರ್ಚು 22. ಮಸಾಲೆ ದೋಸೆ 70, ಖರ್ಚು 38. ಅಂದ್ರೆ ಕೈಗೆ ಉಳಿಯೋದು 8, 18, 32. ಬಾಡಿಗೆ, ದೋಸೆ ಭಟ್ಟರ ಸಂಬಳ, ಕ್ಲೀನಿಂಗ್ ಹುಡುಗ, ಕರೆಂಟು, ಸಾಲದ ಬಡ್ಡಿ ಎಲ್ಲ ಸೇರಿಸಿ ತಿಂಗಳಿಗೆ 96,000 ಫಿಕ್ಸೆಡ್ ಖರ್ಚು.

ಶೀಟಲ್ಲಿ ಮೂರರ ಸರಾಸರಿ ತೆಗೆದೆ, 19.33 ಬಂತು. 96,000ನ ಅದರಿಂದ ಭಾಗಿಸಿದ್ರೆ 4,966. ಸರಿ, ತಿಂಗಳಿಗೆ ಐದು ಸಾವಿರ ಐಟಂ ಹೋದ್ರೆ ಬಚಾವ್ ಅಂದ್ಕೊಂಡೆ. ಹೋದ ತಿಂಗಳು 26 ದಿನ ಅಂಗಡಿ ತೆಗೆದಿದ್ದೆ, 6,400 ಐಟಂ ಮಾರಿದೀನಿ, ಆದ್ರೂ ಹೆಚ್ಚುಕಮ್ಮಿ 13,000 ಕೈಯಿಂದ ಹಾಕಿದೀನಿ. ಗಲ್ಲಾದಲ್ಲಿ ಯಾರಾದ್ರೂ ಕೈ ಹಾಕ್ತಿದಾರಾ ಅಂತ ಎರಡು ದಿನದಿಂದ ನಿದ್ದೆ ಇಲ್ಲ. ಹುಡುಗನ್ನ ಕೇಳೋಕೆ ಮುಂಚೆ ಲೆಕ್ಕ ಒಂದ್ಸಲ ನೋಡಿ ಪ್ಲೀಸ್.

ಬಿಕಾಂ ಫೈನಲ್ ಇಯರ್

ಅಣ್ಣ ನೀವು ಸಾದಾ ಸರಾಸರಿ ತಗೊಂಡಿದೀರ, ಅದೇ ತಪ್ಪು. ಕಾಫಿ ಎಷ್ಟು ಹೋಗತ್ತೆ ದೋಸೆ ಎಷ್ಟು ಹೋಗತ್ತೆ ಅನ್ನೋ ತೂಕ ಹಾಕ್ಬೇಕು. ನಿಮ್ಮ ಸೇಲ್ಸ್ ಮಿಕ್ಸ್ ಎಷ್ಟು ಹೇಳಿ.

ತಿಂಡಿಮನೆ ಹಾಸನ

ಮೊದಲ ಹತ್ತು ದಿನ ಬರೆದಿಟ್ಟಿದ್ದೆ, ಹತ್ತು ಐಟಂ ಹೋದ್ರೆ 5 ಕಾಫಿ, 3 ಇಡ್ಲಿ, 2 ದೋಸೆ. ಬಹುತೇಕ ದಿನ ಹಾಗೇ ಇತ್ತು.

ಬಿಕಾಂ ಫೈನಲ್ ಇಯರ್

ಹಾಗಾದ್ರೆ ಹತ್ತು ಐಟಂಗೆ ವ್ಯಾಪಾರ 335 ರೂಪಾಯಿ. ಅದರಲ್ಲಿ ಕಾಫಿ ಪಾಲು 22.4%, ಇಡ್ಲಿ 35.8%, ದೋಸೆ 41.8%. ಈ ತೂಕನ 8, 18, 32ಕ್ಕೆ ಗುಣಿಸಿ ಕೂಡಿದ್ರೆ 21.61. ಬ್ರೇಕ್ ಈವನ್ ಸುಮಾರು 4,440 ಐಟಂ. ಅಂದ್ರೆ ನಿಮಗೆ ಲಾಭ ಬರಬೇಕಿತ್ತು ಅಣ್ಣ, ಗಲ್ಲಾ ಮೇಲೆ ಕಣ್ಣಿಡಿ.

ಲೆಕ್ಕದ ಗಿರಿಜಮ್ಮ

ತಡೀಪ್ಪ, ಆ ಹುಡುಗನ ಮೇಲೆ ಸುಮ್ನೆ ಅನುಮಾನ ಬರೋ ಹಾಗೆ ಮಾಡ್ಬೇಡ. ತೂಕ ಹಾಕ್ಬೇಕು ಅಂದಿದ್ದು ಸರಿ, ಆದ್ರೆ ಹಾಕಿದ ತೂಕ ತಪ್ಪು. ಒಂದು ಐಟಂಗೆ ಎಷ್ಟು ಉಳೀತು ಅನ್ನೋ 8, 18, 32 ಇದ್ಯಲ್ಲ, ಅದಕ್ಕೆ ಐಟಂ ಲೆಕ್ಕದ ತೂಕನೇ ಹಾಕ್ಬೇಕು, 5, 3, 2. ನೀನು ರೂಪಾಯಿ ಲೆಕ್ಕದ ತೂಕ ಹಾಕಿದೆ, ಅದರಲ್ಲಿ ದೋಸೆ ಬೆಲೆ ಜಾಸ್ತಿ ಇರೋದ್ರಿಂದ ದೋಸೆ ಎರಡು ಸಲ ತೂಗ್ಬಿಡ್ತು, ಅದಕ್ಕೇ ಬ್ರೇಕ್ ಈವನ್ ಇನ್ನೂ ಕೆಳಗೆ ಇಳೀತು. ರೂಪಾಯಿ ತೂಕ ಬೇಕೇ ಬೇಕು ಅಂದ್ರೆ ಪರ್ಸೆಂಟೇಜ್ ಜೊತೆ ಬಳಸ್ಬೇಕು, ಕಾಫಿಗೆ 53.3%, ಇಡ್ಲಿಗೆ 45%, ದೋಸೆಗೆ 45.7% ಉಳಿಯತ್ತಲ್ಲ, ಅದರ ಜೊತೆ.

ಹಾಸನದವರೇ, ಹೀಗೆ ನೋಡಿ. ಹತ್ತು ಐಟಂನ ಒಂದು ಸೆಟ್ ಅಂದ್ಕೊಳ್ಳಿ. ಕಾಫಿಯಿಂದ 40, ಇಡ್ಲಿಯಿಂದ 54, ದೋಸೆಯಿಂದ 64, ಒಟ್ಟು 158. ಒಂದು ಐಟಂಗೆ 15.80, ನಿಮ್ಮ ಶೀಟಲ್ಲಿ ಇರೋ 19.33 ಅಲ್ಲ. 96,000ನ 158ರಿಂದ ಭಾಗಿಸಿದ್ರೆ 607.6, ಅರ್ಧ ಸೆಟ್ ಮಾರಕ್ಕಾಗಲ್ಲ, 608 ಸೆಟ್. ಅಂದ್ರೆ 3,040 ಕಾಫಿ, 1,824 ಇಡ್ಲಿ, 1,216 ದೋಸೆ. ಒಟ್ಟು 6,080 ಐಟಂ. ಶೀಟಲ್ಲಿ B ಕಾಲಂನಲ್ಲಿ ಮಿಕ್ಸ್, C ಕಾಲಂನಲ್ಲಿ ಉಳಿಯೋ ದುಡ್ಡು ಇಟ್ಟು, AVERAGE ಅಳಿಸಿ ಅದರ ಬದಲು ಇದನ್ನ ಹಾಕಿ:

```
=SUMPRODUCT(B2:B4,C2:C4)/SUM(B2:B4)
```

ತಿಂಡಿಮನೆ ಹಾಸನ

ಮೇಡಂ ಹಾಕ್ದೆ, 15.8 ಬಂತು. ಥ್ಯಾಂಕ್ಸ್. ಆದ್ರೆ 6,080 ಅಂದ್ರೂ ನಾನು 6,400 ಮಾರಿದೀನಲ್ಲ, 320 ಐಟಂ ಜಾಸ್ತಿನೇ ಆಯ್ತು, ಐದು ಸಾವಿರ ಲಾಭ ತೋರಿಸ್ಬೇಕಲ್ವಾ? ಲಾಸ್ ಎಲ್ಲಿಂದ ಬಂತು?

ಗಿರ್ಮಿಟ್ ಧಾರವಾಡ

ಅಣ್ಣಾರ, ನಮ್ದೂ ಗಿರ್ಮಿಟ್ ಮಿರ್ಚಿ ಅಂಗಡಿ ಐತ್ರಿ. ಲಾಸ್ ಬಂದ್ರ ರೇಟ್ ಏರಿಸ್ಬೇಕ್ರಿ, ಅಷ್ಟ. ಎಣ್ಣಿ ರೇಟ್ ಏರಿದಾಗ ನಾವೂ ಮಿರ್ಚಿ ಪ್ಲೇಟಿಗೆ ಐದು ರೂಪಾಯಿ ಏರಿಸಿದ್ವಿ, ಗಿರಾಕಿ ಒಂದ್ ವಾರ ಗೊಣಗಿದ್ರು, ಆಮ್ಯಾಲೆ ಎಲ್ಲಾ ಸರಿ ಆತು. ಇಷ್ಟೆಲ್ಲಾ ಸರಾಸರಿ ಯಾಕ್ ಬೇಕ್ರಿ?

ಲೆಕ್ಕದ ಗಿರಿಜಮ್ಮ

ಅಣ್ಣ, ರೇಟ್ ಏರಿಸೋದು ಆಮೇಲಿನ ಮಾತು, ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಾಗದೆ ಏರಿಸಿದ್ರೆ ಗಿರಾಕಿನೂ ಹೋಗ್ಬಹುದು. ಹಾಸನದವರೇ, 6,400ರಲ್ಲಿ ಯಾವ್ದು ಎಷ್ಟು ಹೋಯ್ತು? ಮೊದಲ ಹತ್ತು ದಿನದ್ದಲ್ಲ, ಇಡೀ ತಿಂಗಳದ್ದು, ಬಿಲ್ ಬುಕ್ ನೋಡಿ ಹೇಳಿ.

ತಿಂಡಿಮನೆ ಹಾಸನ

ರಾತ್ರಿ ಕೂತು ಎಣಿಸ್ದೆ. ಕಾಫಿ 4,200, ಇಡ್ಲಿ 1,500, ದೋಸೆ 700. ದೋಸೆ ಕಮ್ಮಿ ಆಗಿದ್ದು ಯಾಕಂದ್ರೆ ಭಟ್ಟರ ತಂದೆಗೆ ಹುಷಾರಿರ್ಲಿಲ್ಲ ಅಂತ ಒಂಬತ್ತು ದಿನ ಊರಿಗೆ ಹೋಗಿದ್ರು, ಆ ದಿನ ತವಾನೇ ಹಚ್ಚಿಲ್ಲ. ಸಂಬಳ ಕಟ್ ಮಾಡಿಲ್ಲ, ಕಷ್ಟದಲ್ಲಿದ್ರು. ಜೊತೆಗೆ ಮಳೆ ಹಿಡ್ಕೊಂಡಿತ್ತು, ಬಸ್ ಕಾಯೋರೆಲ್ಲ ಒಳಗೆ ಬಂದು ಕಾಫಿ ಮಾತ್ರ ಕುಡ್ಕೊಂಡು ಹೋಗೋರು.

ಲೆಕ್ಕದ ಗಿರಿಜಮ್ಮ

ಸಿಕ್ತು ನೋಡಿ ಕಳ್ಳ. ಗಲ್ಲಾದಲ್ಲಿ ಯಾರೂ ಕೈ ಹಾಕಿಲ್ಲ, ಹುಡುಗನ್ನ ಏನೂ ಕೇಳ್ಬೇಡಿ.

4,200 ಕಾಫಿಯಿಂದ 33,600, 1,500 ಇಡ್ಲಿಯಿಂದ 27,000, 700 ದೋಸೆಯಿಂದ 22,400. ಒಟ್ಟು 83,000. 96,000ಕ್ಕೆ 13,000 ಕಮ್ಮಿ, ನೀವು ಕೈಯಿಂದ ಹಾಕಿದ್ದೂ ಅಷ್ಟೇ. ಅದೇ 6,400 ಐಟಂ 5:3:2ರಲ್ಲಿ ಹೋಗಿದ್ರೆ 1,01,120 ಬರೋದು. ಒಂದು ಐಟಂ ಕೂಡ ಕಮ್ಮಿ ಮಾರದೆ, ಬರೀ ಮಿಕ್ಸ್ ಬದಲಾಗಿದ್ದಕ್ಕೆ 18,120 ಹೋಯ್ತು. ಒಂದು ದೋಸೆ ಹೋಗೋ ಜಾಗಕ್ಕೆ ಒಂದು ಕಾಫಿ ಹೋದ್ರೆ ಎಣಿಕೆ ಅಷ್ಟೇ ಇರತ್ತೆ, ಕೈಗೆ ಬರೋದ್ರಲ್ಲಿ 24 ರೂಪಾಯಿ ಮಾಯ. 15.80 ಅನ್ನೋ ನಂಬರ್ ನಿಲ್ಲೋದು 5:3:2 ನಿಂತಿರೋ ತನಕ ಮಾತ್ರ. ಹೋದ ತಿಂಗಳ ನಿಜವಾದ ಸರಾಸರಿ 12.97, ಆ ಮಿಕ್ಸ್‌ನಲ್ಲಿ ಬ್ರೇಕ್ ಈವನ್ 7,400 ಐಟಂ ದಾಟತ್ತೆ.

ಈಗ ಇನ್ನೊಂದು ನೋಡಿ, ಇದು ನಿಮಗೆ ದಿನಾ ಉಪಯೋಗಕ್ಕೆ ಬರತ್ತೆ. 5:3:2ರಲ್ಲಿ 335 ರೂಪಾಯಿ ವ್ಯಾಪಾರಕ್ಕೆ 158 ಉಳಿಯತ್ತೆ, 47.16%. ರೂಪಾಯಿಯಲ್ಲಿ ಬ್ರೇಕ್ ಈವನ್ 2,03,544. ಹೋದ ತಿಂಗಳ ಕಾಫಿ ಮಿಕ್ಸ್‌ನಲ್ಲಿ 1,72,000 ವ್ಯಾಪಾರಕ್ಕೆ 83,000, ಅಂದ್ರೆ 48.26%, ಬ್ರೇಕ್ ಈವನ್ 1,98,940. ಐಟಂ ಲೆಕ್ಕದಲ್ಲಿ ಗುರಿ 1,300ಕ್ಕಿಂತ ಜಾಸ್ತಿ ಮೇಲೆ ಹೋಯ್ತು, ರೂಪಾಯಿ ಲೆಕ್ಕದಲ್ಲಿ ಸ್ವಲ್ಪ ಕೆಳಗೇ ಇಳೀತು. ಕಾಫಿಗೆ ಪರ್ಸೆಂಟೇಜ್ ಎಲ್ಲಕ್ಕಿಂತ ಚೆನ್ನಾಗಿದೆ, ಆದ್ರೆ ಒಂದು ಲೋಟಕ್ಕೆ ಬರೋದು 8 ರೂಪಾಯಿ ಮಾತ್ರ, ಅದಕ್ಕೇ ಹೀಗೆ. ನಿಮ್ಮ ಮೂರೂ ಐಟಂ 45ರಿಂದ 53% ಒಳಗೆ ಇರೋದ್ರಿಂದ ಮಿಕ್ಸ್ ಆ ಕಡೆ ಈ ಕಡೆ ಆದ್ರೂ ರೂಪಾಯಿ ಗುರಿ ಅಷ್ಟಾಗಿ ಅಲ್ಲಾಡಲ್ಲ. ಹಾಗಾಗಿ ಐಟಂ ಎಣಿಸೋದು ಬಿಡಿ, 26 ದಿನಕ್ಕೆ ದಿನದ ವ್ಯಾಪಾರ 7,850 ಅಂತ ಗೋಡೆ ಮೇಲೆ ಬರೆದುಕೊಳ್ಳಿ. ಹೋದ ತಿಂಗಳು ನಿಮ್ದು ದಿನಕ್ಕೆ 6,600 ಚಿಲ್ಲರೆ, ಮೊದಲ ವಾರವೇ ಗೊತ್ತಾಗ್ತಿತ್ತು.

ಬಿಕಾಂ ಫೈನಲ್ ಇಯರ್

ಮೇಡಂ ಸಾರಿ, ಎರಡು ಸಲ ತೂಗಿದ್ದು ಈಗ ಅರ್ಥ ಆಯ್ತು. ಹಾಗಾದ್ರೆ ಯಾವ ಅಂಗಡಿಗಾದ್ರೂ ರೂಪಾಯಿ ಲೆಕ್ಕನೇ ಸೇಫ್ ಅಲ್ವಾ?

ಲೆಕ್ಕದ ಗಿರಿಜಮ್ಮ

ಇಲ್ಲಪ್ಪ. ಇವರು ನಾಳೆ 20 ರೂಪಾಯಿ ನೀರಿನ ಬಾಟಲಿ ಇಡ್ತಾರೆ ಅಂದ್ಕೋ, 16ಕ್ಕೆ ತಂದಿದ್ದು, ಉಳಿಯೋದು 4, ಬರೀ 20%. ಬೇಸಿಗೇಲಿ ದಿನಕ್ಕೆ ನೂರು ಬಾಟಲಿ ಹೋದ್ರೆ ಗಲ್ಲಾದಲ್ಲಿ 2,000 ಜಾಸ್ತಿ ಕಾಣತ್ತೆ, ಬಾಡಿಗೆ ಕಡೆಗೆ ಬರೋದು 400. ಆಗ 7,850 ಮುಟ್ಟಿದ್ರೂ ಲಾಸೇ. ಅಂಥ ಐಟಂ ವ್ಯಾಪಾರನ ಬೇರೆ ಬರೆದಿಡ್ಬೇಕು.

ಗಿರ್ಮಿಟ್ ಧಾರವಾಡ

ಅಕ್ಕಾರ, ಈ ನೀರಿನ ಬಾಟ್ಲಿ ಮಾತು ನನಗ ನಾಟ್ತ್ ನೋಡ್ರಿ. ನಮ್ಮಲ್ಲಿ ಬ್ಯಾಸಿಗ್ಯಾಗ ಸೋಡಾ ಭಾಳ ಹೋಗ್ತಾವು, ಗಲ್ಲಾ ತುಂಬಿರ್ತೈತಿ, ಎಣ್ಣಿ ಅಂಗಡ್ಯಾವಂಗ ಕೊಡಾಕ ಮಾತ್ರ ರೊಕ್ಕ ಇರಂಗಿಲ್ಲ. ಇವತ್ತಿಂದ ಸೋಡಾದ್ದು ಬ್ಯಾರೆ ಡಬ್ಬಿ ಇಡ್ತೀನ್ರಿ. ಹಾಸನದಣ್ಣಾರ, ನಿಮಗ ಒಂದ್ ಕೇಳ್ತೀನಿ, ದೋಸಿ ಖರ್ಚು 38ರಾಗ ಗ್ಯಾಸ್ ಎಷ್ಟ್ ಹಿಡದೀರಿ?

ತಿಂಡಿಮನೆ ಹಾಸನ

ಒಂದು ದೋಸೆಗೆ 4 ರೂಪಾಯಿ ಅಂತ ಅಂದಾಜು ಹಾಕಿದೀನಿ ಅಣ್ಣ.

ಗಿರ್ಮಿಟ್ ಧಾರವಾಡ

ಅದ ಸರಿ ಇಲ್ಲೇನೋ ಅನಸ್ತೈತ್ರಿ. ನಮ್ಮ ಬಾಣಲಿ ಹಂಗ, ನಿಮ್ಮ ತವಾನೂ ಮುಂಜಾನೆ ಹಚ್ಚಿದ್ರ ಹನ್ನೊಂದರ ತನಕ ಉರೀತಾನ ಇರ್ತೈತಿ, ಇಪ್ಪತ್ತು ದೋಸಿ ಹೋದ್ರೂ ಅಷ್ಟ ಗ್ಯಾಸ್, ಅರವತ್ತು ಹೋದ್ರೂ ಅಷ್ಟ. ಹಂಗಾದ್ರ ಅದು ಬಾಡಿಗಿ ಇದ್ದಂಗ ಅಲ್ಲೇನ್ರಿ?

ಲೆಕ್ಕದ ಗಿರಿಜಮ್ಮ

ಇದು ಒಳ್ಳೆ ಪ್ರಶ್ನೆ. ತವಾ ಹಚ್ಚಿದ ದಿನ ನೀವು ಹೇಳಿದ ಹಾಗೆ ಬಾಡಿಗೆ ಥರನೇ, ಆದ್ರೆ ಭಟ್ಟರು ಬರದ ದಿನ ಹಚ್ಚಲೇ ಇಲ್ಲ ಅಂದ್ರೆ ಆ ಖರ್ಚೂ ಇಲ್ಲ. ಪೂರ್ತಿ ಫಿಕ್ಸೆಡ್ ಅಂತಾನೂ ಅನ್ನಕ್ಕಾಗಲ್ಲ, ದೋಸೆಗಿಷ್ಟು ಅಂತಾನೂ ಅನ್ನಕ್ಕಾಗಲ್ಲ. ದಿನಕ್ಕೆ ಇಷ್ಟು ಅಂತ ಹಿಡಿಯೋದೇ ಹತ್ತಿರ ಅನ್ಸತ್ತೆ. ಹಾಗೆ ಮಾಡಿದ್ರೆ ದೋಸೆಯಿಂದ ಉಳಿಯೋದು 36 ಆಗತ್ತೆ, 96,000 ಮೇಲೆ ಏರತ್ತೆ, ಎಷ್ಟು ಅಂತ ಅಂದಾಜಲ್ಲಿ ಹೇಳೋದು ಬೇಡ. 19 ಕೆಜಿ ಸಿಲಿಂಡರ್ ಒಂದು ತವಾಗೆ ಎಷ್ಟು ದಿನ ಬರತ್ತೆ, ಆ ದಿನಗಳಲ್ಲಿ ಎಷ್ಟು ದೋಸೆ ಹೋಯ್ತು, ಎರಡೂ ಬೇಕು.

ಮೈಸೂರು ಟ್ಯಾಕ್ಸ್ ರಾಘು

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ತಿಂಗಳಿಗೆ 2 ಲಕ್ಷ ವ್ಯಾಪಾರ ಅಂದ್ರೆ ವರ್ಷಕ್ಕೆ 24 ಲಕ್ಷ. ಹೋಟೆಲಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಕಾಂಪೊಸಿಷನ್ ತಗೊಂಡ್ರೆ ವ್ಯಾಪಾರದ ಮೇಲೆ 5%, ಅದನ್ನ ಬಿಲ್ಲಲ್ಲಿ ಗಿರಾಕಿ ಹತ್ರ ಬೇರೆ ತಗೊಳ್ಳೋ ಹಾಗಿಲ್ಲ. ಹಾಗಾದ್ರೆ 335ರ ಸೆಟ್‌ಗೆ 16.75 ಹೋಗತ್ತೆ, 158 ಇದ್ದಿದ್ದು 141.25 ಆಗತ್ತೆ, 608 ಸೆಟ್ ಬದಲು 680 ಸೆಟ್ ಬೇಕು. ಇದನ್ನ 96,000ದ ಜೊತೆ ಸೇರಿಸ್ಬೇಡಿ, ಪ್ರತಿ ಐಟಂ ಖರ್ಚಲ್ಲೇ ಹಾಕಿ.

ತಿಂಡಿಮನೆ ಹಾಸನ

ರಾಘು ಸರ್, ಇದು ತಲೆಯಲ್ಲೇ ಇರ್ಲಿಲ್ಲ, ನಮ್ಮ ಆಡಿಟರ್ ಹತ್ರ ನಾಳೆನೇ ಕೂತ್ಕೋತೀನಿ.

ಗಿರಿಜಮ್ಮ ಮೇಡಂ, ಹುಡುಗನ ಮೇಲೆ ಅನುಮಾನ ಪಟ್ಟಿದ್ದಕ್ಕೆ ಮನಸ್ಸಿಗೆ ಬೇಜಾರಾಯ್ತು, ಬಾಯಿ ಬಿಟ್ಟು ಕೇಳೋ ಮೊದಲೇ ನೀವು ತಡೆದ್ರಿ. ಭಟ್ಟರು ವಾಪಸ್ ಬಂದಿದಾರೆ, ಇವತ್ತು 48 ದೋಸೆ ಹೋಯ್ತು, ವ್ಯಾಪಾರ 7,910. ಬೆಳಿಗ್ಗೆ ಹೊಸ ಸಿಲಿಂಡರ್ ಹಾಕಿದ್ವಿ, ತವಾ ಪಕ್ಕದ ಕ್ಯಾಲೆಂಡರಲ್ಲಿ ಇವತ್ತಿನ ತಾರೀಕಿಗೆ ಪೆನ್ಸಿಲಲ್ಲಿ ಗುಂಡಗೆ ಗುರುತು ಹಾಕಿದೀನಿ. ಖಾಲಿ ಆದ ದಿನ ದೋಸೆ ಲೆಕ್ಕ ಸಮೇತ ಇಲ್ಲೇ ಬರೀತೀನಿ.