ಅಪ್‌ಡೇಟ್: ಟೀ ಶರ್ಟ್ ಹೋಗಿ ಬ್ಲೇಜರ್ ಬಂತು

ನನ್ನ ಪ್ರಶ್ನೆ: ಟೀ ಶರ್ಟ್‌ನಲ್ಲಿರುವ ಫೋಟೋಗೆ ಶರ್ಟ್, ಬ್ಲೇಜರ್ ಹಾಕೋದು ಹೇಗೆ? ಕೆಲಸದ ಪ್ರೊಫೈಲ್‌ಗೆ ಬೇಕು.

ಅಪ್‌ಡೇಟ್: ನೆಟ್‌ನಲ್ಲಿ ಸಿಕ್ಕ ಬ್ಲೇಜರ್ ಅಂಟಿಸಿದೆ. ಯಾರದೋ ಮೈಗೆ ನನ್ನ ತಲೆ ಇಟ್ಟ ಹಾಗಿತ್ತು. ನನ್ನ ಮುಖಕ್ಕೆ ಎಡಗಡೆಯಿಂದ ಬೆಳಕು, ಬ್ಲೇಜರ್‌ಗೆ ಬಲಗಡೆಯಿಂದ!

ಕೊನೆಗೆ ಅಣ್ಣನ ಬ್ಲೇಜರ್ ಹಾಕಿಕೊಂಡು, ಹಳೆಯ ಫೋಟೋ ತೆಗೆಸಿದ ಅದೇ ಕಿಟಕಿ ಪಕ್ಕ, ಅದೇ ಹೊತ್ತಿಗೆ, ಭುಜ ಅದರಲ್ಲಿದ್ದಷ್ಟೇ ತಿರುಗಿಸಿ ಇನ್ನೊಂದು ಫೋಟೋ ತೆಗೆಸಿದೆ. (ಅದನ್ನೇ ಹಾಕಬಹುದಿತ್ತಲ್ವಾ ಅನ್ನಬೇಡಿ, ಅದರಲ್ಲಿ ನಗು ಬರಲಿಲ್ಲ.) ಜಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದನ್ನು ಹಳೆಯ ಫೋಟೋ ಮೇಲೆ ಲೇಯರ್ ಆಗಿ ಇಟ್ಟು, ಲೇಯರ್ ಮಾಸ್ಕ್ ಹಾಕಿ, ಆ ಮಾಸ್ಕ್ ಮೇಲೆ ಕಾಲರ್ ಅಂಚಿನಿಂದ ಮೇಲಿನ ಭಾಗಕ್ಕೆ ಕಪ್ಪು ಬಳಿದೆ. ಕಪ್ಪು ಬಳಿದ ಕಡೆ ಮೇಲಿನ ಫೋಟೋ ಮರೆಯಾಗಿ ಹಳೆಯ ಮುಖ, ಕತ್ತು ಕಾಣಿಸಿತು.

ಆದರೂ ಕಾಲರ್ ಅಂಟಿಸಿದ ಹಾಗೇ ಇತ್ತು. ಕತ್ತಿನ ಮೇಲೆ ಅದರ ನೆರಳು ಬಿದ್ದಿರಲಿಲ್ಲ. ಬ್ಲೇಜರ್ ಲೇಯರ್‌ನ ಕೆಳಗೊಂದು ಲೇಯರ್, ಮೆತ್ತನೆ ಬ್ರಷ್, ಕಾಲರ್ ಅಂಚಿಗೆ ತೆಳು ಕಂದು ಗೆರೆ. ಸರಿಹೋಯ್ತು. ಅಮ್ಮನಿಗೂ ಗೊತ್ತಾಗಲಿಲ್ಲ.